ಒಂದು ಫೋನ್ ಮಾಡಿದ್ರೆ ಮುಗೀತಲ್ಲ?

ರಾಜ್ಯೋತ್ಸವಕ್ಕೆ ಇಪ್ಪತ್ತು ನಿಮಿಷದ ಒಂದು ಸ್ಕಿಟ್ ಮಾಡೋದು ಅಂತ ತೀರ್ಮಾನ ಆಗಿತ್ತು. ಬರೆಯೋ ಜವಾಬ್ದಾರಿ ನಾವು ಮೂರು ಜನರ ಮೇಲೆ ಬಿತ್ತು. ಹಿಂದಿನ ವರ್ಷ ನಾಲ್ಕು ಜನ ಇದ್ವಿ. ನಾಲ್ಕನೆಯವನು ಯಾಕಿಲ್ಲ ಅನ್ನೋದನ್ನ ಕೊನೆಗೆ ಹೇಳ್ತೀವಿ, ಯಾಕಂದ್ರೆ ಈ ಲೇಖನಕ್ಕೂ ಅದಕ್ಕೂ ಸಂಬಂಧ ಇದೆ.

ಕಾಮಿಡಿ ಇರಬೇಕು, ಲವ್ ಇರಬೇಕು, ಕೊನೆಗೆ ಇಬ್ಬರೂ ಒಂದಾಗಬೇಕು. ಇಷ್ಟು ಒಪ್ಪಿಕೊಂಡು ಒಂದೇ ರಾತ್ರಿಯಲ್ಲಿ ಬರೆದು ಮುಗಿಸಿದ್ವಿ. ಹುಡುಗ ಹುಡುಗಿ ಕ್ಯಾಂಟೀನಿನಲ್ಲಿ ಡಿಕ್ಕಿ ಹೊಡೀತಾರೆ, ಟೀ ಚೆಲ್ಲುತ್ತೆ, ಜಗಳ ಆಗುತ್ತೆ, ಆಮೇಲೆ ಪ್ರೀತಿ. ಒಂದಿನ ಹುಡುಗಿ ದೂರದಿಂದ ನೋಡ್ತಾಳೆ: ಹುಡುಗ ಇನ್ನೊಬ್ಬ ಹುಡುಗಿಯನ್ನ ಅಪ್ಪಿಕೊಂಡು ನಿಂತಿದ್ದಾನೆ. ಅವಳು ಅಳುತ್ತಾ ಓಡಿಹೋಗ್ತಾಳೆ. ಕೊನೆಗೆ ಗೊತ್ತಾಗುತ್ತೆ, ಅದು ಅವನ ತಂಗಿ!

ಮೊದಲನೇ ರಿಹರ್ಸಲ್‌ನಲ್ಲಿ ಫಸ್ಟ್ ಇಯರ್ ಹುಡುಗಿಯೊಬ್ಬಳು ಮೂಲೆಯಲ್ಲಿ ಕೂತು ನೋಡ್ತಾ ಇದ್ದಳು. ಮುಗಿದ ಮೇಲೆ "ಹೆಂಗಿದೆ?" ಅಂತ ಕೇಳಿದ್ವಿ. ಅವಳು ಸಂಕೋಚದಿಂದಲೇ ಕೇಳಿದಳು, "ಅಣ್ಣಾ, ಒಂದು ಫೋನ್ ಮಾಡಿದ್ರೆ ಮುಗೀತಲ್ಲ?"

ನಮ್ಮ ಹತ್ರ ಉತ್ತರ ಇರಲಿಲ್ಲ. ಮೊದಲು "ಅವಳ ಫೋನ್ ಚಾರ್ಜ್ ಇರಲಿಲ್ಲ ಅಂತ ಹಾಕೋಣ" ಅಂದ್ವಿ. ಆಮೇಲೆ "ಫೋನ್ ನೀರಿಗೆ ಬಿತ್ತು" ಅಂದ್ವಿ. ಹಾಗೆ ತೇಪೆ ಹಾಕ್ತಾ ಹಾಕ್ತಾ ನಮಗೇ ನಾಚಿಕೆ ಆಯ್ತು. ಆವತ್ತು ರಾತ್ರಿ ಹಾಸ್ಟೆಲ್ ರೂಮಿನಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು ಈ ಜಾತಿಯ ಸಿನಿಮಾಗಳಿಗೆಲ್ಲ ಅಜ್ಜ ಅನ್ನಬಹುದಾದ ಒಂದು ಹಳೇ ಸಿನಿಮಾ ಹಾಕಿದ್ವಿ. ಅದು 1934ರ 'ಇಟ್ ಹ್ಯಾಪನ್ಡ್ ಒನ್ ನೈಟ್'. ನಿರ್ದೇಶನ ಫ್ರಾಂಕ್ ಕಾಪ್ರಾ, ಚಿತ್ರಕಥೆ ರಾಬರ್ಟ್ ರಿಸ್ಕಿನ್. ರಾಜ್ ಕಪೂರ್-ನರ್ಗಿಸ್ ಜೋಡಿಯ 'ಚೋರಿ ಚೋರಿ' (1956), ಆಮೀರ್ ಖಾನ್ ಇರೋ 'ದಿಲ್ ಹೈ ಕೆ ಮಾನ್ತಾ ನಹೀ' (1991), ನಮ್ಮ ಗಣೇಶ್ ಅವರ 'ಹುಡುಗಾಟ' (2007) ಎಲ್ಲಾ ಇದೇ ಬಳ್ಳಿಯ ಕಾಯಿಗಳು. ಕಪ್ಪು-ಬಿಳುಪು ಸಿನಿಮಾ ಅಂತ ಒಬ್ಬ ಗೊಣಗಿದ. ಹತ್ತು ನಿಮಿಷ ಆದ ಮೇಲೆ ಅವನೇ ವಾಲ್ಯೂಮ್ ಜಾಸ್ತಿ ಮಾಡಿದ.

ಕಥೆ ಸರಳ. ಎಲೆನ್ ಕೋಟ್ಯಧಿಪತಿಯ ಮಗಳು. ಅಪ್ಪನಿಗೆ ಇಷ್ಟವಿಲ್ಲದ ಒಬ್ಬ ವಿಮಾನ ಹಾರಿಸೋ ಶೋಕಿಲಾಲನನ್ನ ಮದುವೆ ಆಗಿಬಿಟ್ಟಿದ್ದಾಳೆ. ಅಪ್ಪ ತನ್ನ ಹಡಗಿನಲ್ಲಿ ಕೂಡಿಹಾಕಿದ್ರೆ, ಮಯಾಮಿ ಹತ್ರ ನೀರಿಗೆ ಹಾರಿ ಈಜಿ ತಪ್ಪಿಸಿಕೊಂಡು, ನ್ಯೂಯಾರ್ಕಿಗೆ ಹೋಗೋ ರಾತ್ರಿ ಬಸ್ಸು ಹತ್ತುತ್ತಾಳೆ. ಅದೇ ಬಸ್ಸಿಗೆ ಪೀಟರ್ ಅನ್ನೋ ಪತ್ರಕರ್ತನೂ ಹತ್ತುತ್ತಾನೆ. ಆಗಷ್ಟೇ ಕೆಲಸ ಕಳಕೊಂಡಿದ್ದಾನೆ, ಕುಡಿದೂ ಇದ್ದಾನೆ.

ಬಸ್ಸಿನಲ್ಲಿ ಖಾಲಿ ಇರೋದು ಒಂದೇ ಸೀಟು. ಅದರ ಮೇಲೆ ಪೇಪರ್ ಬಂಡಲ್‌ಗಳು. ಪೀಟರ್ ಅವನ್ನೆಲ್ಲ ಕಿಟಕಿಯಿಂದ ಆಚೆ ಎಸೀತಾನೆ. ಡ್ರೈವರ್ ಬಂದು ಜಗಳಕ್ಕೆ ನಿಲ್ತಾನೆ. ಇವನು ಡ್ರೈವರ್ ಜೊತೆ ಮಾತಿಗೆ ಮಾತು ಬೆಳೆಸಿ, ಗೆದ್ದು, ತಿರುಗಿ ನೋಡಿದ್ರೆ ಆ ಸೀಟಿನಲ್ಲಿ ಎಲೆನ್ ಕೂತಿದ್ದಾಳೆ! ಕೆಎಸ್‌ಆರ್‌ಟಿಸಿಯಲ್ಲಿ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದವರಿಗೆ ಈ ನೋವು ಬಿಡಿಸಿ ಹೇಳಬೇಕಾಗಿಲ್ಲ.

ಇಂಥ ಸೀನಿಗೆ 'ಮೀಟ್-ಕ್ಯೂಟ್' ಅಂತಾರೆ. ನಾಯಕ ನಾಯಕಿ ಮೊದಲ ಸಲ ಎದುರಾಗೋ, ಜಗಳ ನಗು ಎರಡೂ ಇರೋ ಸೀನು. ನಮ್ಮ ಟೀ ಚೆಲ್ಲೋ ಸೀನೂ ಅದೇ ಜಾತಿ. ಹಾಗಾದ್ರೆ ಎರಡಕ್ಕೂ ಏನು ವ್ಯತ್ಯಾಸ? ಅವರು ಡಿಕ್ಕಿ ಹೊಡೆದದ್ದು ಆಕಸ್ಮಿಕ ಅಲ್ಲ. ಇಬ್ಬರಿಗೂ ಆ ಸೀಟು ಬೇಕಿತ್ತು. ಆ ಸೀಟಿಗಾಗಿ ಜಗಳ ಆಡುವಾಗ ಇಬ್ಬರ ಗುಣವೂ ಬಯಲಾಗುತ್ತೆ. ಅವನು ತನಗೆ ಬೇಕಾದ್ದಕ್ಕೆ ಯಾರ ಮೇಲೆ ಬೇಕಾದ್ರೂ ಏರಿಹೋಗೋ ಗಂಡು. ಇವಳು ಜಗತ್ತಿನಲ್ಲಿ ಖಾಲಿ ಇರೋ ಸೀಟೆಲ್ಲ ತನಗಾಗಿಯೇ ಇದೆ ಅಂದುಕೊಂಡ ಹುಡುಗಿ. ನಮ್ಮ ಸ್ಕಿಟ್‌ನಲ್ಲಿ ಟೀ ಚೆಲ್ಲಿದ್ರಿಂದ ಟೀ ಚೆಲ್ಲಿತು ಅಷ್ಟೇ. ಯಾರ ಬಗ್ಗೆಯೂ ಏನೂ ಗೊತ್ತಾಗಲಿಲ್ಲ.

ಇನ್ನೊಂದು ವಿಷಯ. ಸ್ವಲ್ಪ ಹೊತ್ತಿಗೇ ಪೀಟರ್‌ಗೆ ಪೇಪರಿನಲ್ಲಿ ಫೋಟೋ ನೋಡಿ ಅವಳು ಯಾರು ಅಂತ ಗೊತ್ತಾಗುತ್ತೆ. ಅವನು ಬಾಯಿಬಿಟ್ಟೇ ಹೇಳ್ತಾನೆ: ನಿನ್ನನ್ನ ನ್ಯೂಯಾರ್ಕಿಗೆ ಮುಟ್ಟಿಸ್ತೀನಿ, ನಿನ್ನ ಕಥೆ ಬರೆಯೋ ಹಕ್ಕು ನನ್ನದು. ಅಂದ್ರೆ ಅವಳ ದೃಷ್ಟಿಯಲ್ಲಿ ಮೊದಲಿಂದಲೂ ಅವನು ಸುದ್ದಿಗಾಗಿ ಜೊತೆಗಿರೋನು. ಅವನ ದೃಷ್ಟಿಯಲ್ಲಿ ಇವಳು ಅಪ್ಪನ ದುಡ್ಡಲ್ಲಿ ಬೆಳೆದ, ಬೇಸರ ಬಂದಾಗ ಆಟಿಕೆ ಬಿಸಾಕೋ ಮಗು. ಆಮೇಲೆ ಮಳೆ, ಕೊಚ್ಚಿಹೋದ ಸೇತುವೆ, ರಾತ್ರಿ ಒಂದೇ ಕ್ಯಾಬಿನ್‌ನಲ್ಲಿ ಇಬ್ಬರ ನಡುವೆ ಹಗ್ಗ ಕಟ್ಟಿ ನೇತುಹಾಕಿದ ಕಂಬಳಿ, ಎಲ್ಲಾ ಬರುತ್ತೆ. ಇಬ್ಬರೂ ಹತ್ತಿರ ಆಗ್ತಾರೆ. ನಾವು ಆ ಮೊದಲ ಅನುಮಾನಗಳನ್ನ ಮರೆತುಬಿಡ್ತೀವಿ. ಸಿನಿಮಾ ಮರೆಯಲ್ಲ.

ಈಗ ಆ ಕೊನೆಯ ರಾತ್ರಿ. ನ್ಯೂಯಾರ್ಕ್ ಇನ್ನು ಮೂರು ಗಂಟೆ ದಾರಿ. ಎಲೆನ್ ಕಂಬಳಿ ದಾಟಿ ಬಂದು ತನ್ನ ಪ್ರೀತಿ ಹೇಳಿಕೊಳ್ತಾಳೆ. ಅವನು ಗಲಿಬಿಲಿಯಿಂದ, ಹೋಗಿ ಮಲಗು ಅಂತಾನೆ. ಅವಳು ಅಳುತ್ತಾ ನಿದ್ದೆ ಹೋಗ್ತಾಳೆ. ಸ್ವಲ್ಪ ಹೊತ್ತಾದ ಮೇಲೆ ಅವನು, ನಿಜವಾಗಿ ಹೇಳಿದೆಯಾ ಅಂತ ಕೇಳ್ತಾನೆ. ಉತ್ತರ ಇಲ್ಲ, ಅವಳು ನಿದ್ದೆಯಲ್ಲಿದ್ದಾಳೆ. ಕೈಯಲ್ಲಿ ಕಾಸಿಲ್ಲದೆ ಮದುವೆ ಮಾತು ಹೆಂಗೆ ಎತ್ತೋದು? ಅವಳು ಏಳೋದರೊಳಗೆ ವಾಪಸ್ ಬರಬಹುದು ಅಂತ ಲೆಕ್ಕ ಹಾಕಿ, ರಾತ್ರೋರಾತ್ರಿ ಹಳೇ ಕಾರು ತಗೊಂಡು ನ್ಯೂಯಾರ್ಕಿಗೆ ಓಡ್ತಾನೆ. ಪೆಟ್ರೋಲಿಗೆ ದುಡ್ಡಿಲ್ಲದೆ ಬಂಕ್‌ನವನಿಗೆ ತನ್ನ ಪೆಟ್ಟಿಗೆ, ಹ್ಯಾಟು ಕೊಡ್ತಾನೆ. ಪತ್ರಿಕೆ ಆಫೀಸಿನಲ್ಲಿ ಕೂತು ತಮ್ಮಿಬ್ಬರ ಕಥೆ ಬರೆದು ಸಂಪಾದಕನಿಂದ 1000 ಡಾಲರ್ ತಗೋತಾನೆ.

ಇತ್ತ ಕ್ಯಾಬಿನ್ ಮಾಲೀಕನ ಹೆಂಡತಿಗೆ ಮೊದಲೇ ಇವರ ಮೇಲೆ ಸಂಶಯ. ಕಾರು ಇಲ್ಲ ಅಂತ ಗೊತ್ತಾದ ತಕ್ಷಣ ಗಂಡನನ್ನ ಎಬ್ಬಿಸ್ತಾಳೆ. ಬಾಡಿಗೆ ಕೊಟ್ಟಿಲ್ಲ, ಗಂಡಸು ಓಡಿಹೋಗಿದ್ದಾನೆ. ಇಬ್ಬರೂ ಸೇರಿ ಎಲೆನ್‌ಳನ್ನ ಎಬ್ಬಿಸಿ ಆಚೆ ಕಳಿಸ್ತಾರೆ. ಅವಳು ಅಪ್ಪನಿಗೆ ಫೋನ್ ಮಾಡ್ತಾಳೆ. ಪೀಟರ್ ಜೇಬಲ್ಲಿ ದುಡ್ಡು, ಬಾಯಲ್ಲಿ ಹಾಡು ಇಟ್ಕೊಂಡು ವಾಪಸ್ ಬರ್ತಿರುವಾಗ ಎದುರಿಂದ ಪೊಲೀಸ್ ಬೈಕುಗಳ ನಡುವೆ ಅವಳ ಅಪ್ಪನ ಕಾರು ಹಾದುಹೋಗುತ್ತೆ. ಒಳಗೆ ಎಲೆನ್, ಪಕ್ಕದಲ್ಲಿ ಆ ಶೋಕಿಲಾಲ ಗಂಡ.

ಇಲ್ಲಿ ನಾವು ವಿಡಿಯೋ ನಿಲ್ಲಿಸಿ ಅರ್ಧ ಗಂಟೆ ವಾದ ಮಾಡಿದ್ವಿ. ಯಾಕಂದ್ರೆ ಇಲ್ಲಿ ಯಾರೂ ಸುಳ್ಳು ಹೇಳಿಲ್ಲ. ವಿಲನ್ ಇಲ್ಲ, ಕದ್ದ ಕಾಗದ ಇಲ್ಲ, ತಂಗಿ ಇಲ್ಲ. ಎಲೆನ್ ನೋಡಿದ್ದು ಸತ್ಯ: ಅವನು ಹೋಗಿದ್ದಾನೆ. ಪೀಟರ್ ನೋಡಿದ್ದೂ ಸತ್ಯ: ಅವಳು ಗಂಡನ ಜೊತೆ ಹೋಗ್ತಿದ್ದಾಳೆ. ಆದ್ರೆ ಪ್ರತಿ ಸತ್ಯಕ್ಕೂ ಎರಡು ವಿವರಣೆ ಸಾಧ್ಯ. ಎರಡರಲ್ಲಿ ಯಾವುದು ಅಂತ ಆರಿಸಿಕೊಟ್ಟಿದ್ದು ಬಸ್ಸಿನಲ್ಲಿ ಹುಟ್ಟಿದ ಆ ಮೊದಲ ಅನುಮಾನ. "ಇವನಿಗೆ ಬೇಕಾಗಿದ್ದು ಸುದ್ದಿ ಅಷ್ಟೇ, ಸಿಕ್ತು, ಹೋದ." "ಇವಳಿಗೆ ಎಲ್ಲಾ ಆಟ, ಬೇಜಾರಾಯ್ತು, ಮನೆಗೆ ಹೋದಳು." ತಪ್ಪು ತಿಳಿವಳಿಕೆ ಹೊಸದಾಗಿ ಹೊರಗಿಂದ ಬರಲಿಲ್ಲ. ಮೊದಲನೇ ಭೇಟಿಯಲ್ಲೇ ಬಿತ್ತಿದ್ದು ಈಗ ಮೊಳಕೆ ಒಡೀತು. ನಮ್ಮ ಸ್ಕಿಟ್‌ನ ದೋಷ ಅಲ್ಲೇ ಇತ್ತು. ಟೀ ಚೆಲ್ಲಿದವನು ಮೋಸಗಾರ ಇರಬಹುದು ಅಂತ ಅನುಮಾನಿಸೋಕೆ ಆ ಹುಡುಗಿಗೆ ಕಾರಣವೇ ಇರಲಿಲ್ಲ.

ಮತ್ತೆ ಫೋನು? 1934ರಲ್ಲಿ ಫೋನ್ ಇರಲಿಲ್ಲ ಅಂತ ತಳ್ಳಿಹಾಕೋಕೆ ಆಗಲ್ಲ, ಎಲೆನ್ ಅಪ್ಪನಿಗೆ ಮಾಡಿದ್ದೇ ಫೋನು. ಪೀಟರ್ ಬೇಕು ಅಂದಿದ್ರೆ ಆಮೇಲೆ ಅವಳನ್ನ ಹುಡುಕಿ ಕೇಳಬಹುದಿತ್ತು. ಆದ್ರೆ ಕೇಳೋಕೆ ಇಬ್ಬರಿಗೂ ಒಂದು ಬೆಲೆ ಇತ್ತು. ಅವಳು ಆಗಲೇ ಒಂದು ಸಲ ಮಾನ ಬಿಟ್ಟು ಪ್ರೀತಿ ಹೇಳಿ, "ಹೋಗಿ ಮಲಗು" ಅಂತ ಅನ್ನಿಸಿಕೊಂಡವಳು. ಎರಡನೇ ಸಲ ಹೆಂಗೆ ಕೇಳ್ತಾಳೆ? ಅವನು ಕೆಲಸ ಇಲ್ಲದ ಬಡವ, ಅವಳ ಮನೆ ಬಾಗಿಲಿಗೆ ಹೋದ್ರೆ ದುಡ್ಡಿಗೆ ಬಂದವನು ಅನ್ನಿಸಿಕೊಳ್ತಾನೆ. ಅಡ್ಡ ಬಂದಿದ್ದು ಫೋನ್ ಅಲ್ಲ, ನಾಚಿಕೆ.

ಕೊನೆಗೆ ಬಿಡಿಸೋದೂ ಹಾಗೇ. ಮಗಳನ್ನ ಹುಡುಕಿಕೊಟ್ಟವರಿಗೆ ಅಪ್ಪ 10,000 ಡಾಲರ್ ಬಹುಮಾನ ಸಾರಿದ್ದ. ಪೀಟರ್ ದುಡ್ಡಿನ ವಿಷಯ ಮಾತಾಡಬೇಕು ಅಂತ ಕಾಗದ ಬರೆದಾಗ ಎಲೆನ್‌ಗೆ ತನ್ನ ಅನುಮಾನ ನಿಜ ಅನ್ನಿಸುತ್ತೆ. ಆದ್ರೆ ಅವನು ಬಂದು ಕೇಳಿದ್ದು ಬಹುಮಾನ ಅಲ್ಲ. ದಾರಿ ಖರ್ಚಿನ ಪಟ್ಟಿ ಮುಂದಿಡ್ತಾನೆ: 39 ಡಾಲರ್ 60 ಸೆಂಟ್. ಇದರಿಂದಲೇ ಅಪ್ಪನಿಗೆ ಹುಡುಗ ಎಂಥವನು ಅಂತ ಅರ್ಥ ಆಗಿ, ಮದುವೆ ಮಂಟಪಕ್ಕೆ ಕರಕೊಂಡು ಹೋಗ್ತಾ ಮಗಳ ಕಿವಿಯಲ್ಲಿ ಹೇಳ್ತಾನೆ. ಅವಳು ಅಲ್ಲಿಂದಲೇ ಓಟ. "ನಾನು ಹಾಗಲ್ಲ" ಅಂತ ಅವನು ಹತ್ತು ಸಲ ಹೇಳಿದ್ರೂ ಆ ಅನುಮಾನ ಹೋಗ್ತಿರಲಿಲ್ಲ. ಒಂದು ಬಿಲ್ಲು ಅದನ್ನ ತೆಗೆದುಹಾಕ್ತು.

ಮರುದಿನ ನಮ್ಮ ಸ್ಕಿಟ್‌ನ ಹೊಸದಾಗಿ ಕಟ್ಟಿದ್ವಿ. ಈ ಸಲ ಹಿಂದಿನಿಂದ ಮುಂದಕ್ಕೆ ಬಂದ್ವಿ. ಮೊದಲು ಕೇಳಿಕೊಂಡಿದ್ದು, "ಇವರಿಬ್ಬರೂ ಯಾವ ಕಾರಣಕ್ಕೆ ದೂರ ಆಗಬೇಕು?" ಆಮೇಲೆ ಆ ಕಾರಣ ಹುಟ್ಟೋ ಹಾಗೆ ಮೊದಲನೇ ಭೇಟಿ ಬರೆದ್ವಿ.

ಗೇಟ್ ಎದುರಿನ ಜೆರಾಕ್ಸ್ ಅಂಗಡಿ. ವೀಣಾ ಅಡಿಕೆ ಒಣಗಿಸೋ ಯಂತ್ರದ ಪ್ರಾಜೆಕ್ಟ್ ರಿಪೋರ್ಟ್ ಪ್ರಿಂಟ್ ಹಾಕಿಸಿದ್ದಾಳೆ. ಅಂಗಡಿ ಅಂಕಲ್ ಗಡಿಬಿಡಿಯಲ್ಲಿ 41ರಿಂದ 60ರವರೆಗಿನ ಹಾಳೆಗಳನ್ನ ಪ್ರಸನ್ನ ಅನ್ನೋನ ಕಟ್ಟಿಗೆ ಸೇರಿಸಿ ಕೊಟ್ಟುಬಿಡ್ತಾರೆ. ವೀಣಾ ಓಡಿಹೋಗಿ ಬಸ್ಸು ಹತ್ತಿ ಹುಡುಕಿದ್ರೆ, ಆಸಾಮಿ ಕಿಟಕಿ ಪಕ್ಕ ಕೂತು ಅವಳ ರಿಪೋರ್ಟ್ ಓದ್ತಾ ಕೆಂಪು ಪೆನ್ನಲ್ಲಿ ತಿದ್ದುತ್ತಿದ್ದಾನೆ!

"ಯಾರ್ರೀ ಹೇಳಿದ್ದು ತಿದ್ದೋಕೆ?"

"ತೇವಾಂಶ ನೂರೈವತ್ತು ಪರ್ಸೆಂಟ್ ಅಂತ ಬರೆದಿದ್ದೀರಿ. ನೂರಕ್ಕಿಂತ ಜಾಸ್ತಿ ಹೆಂಗ್ರೀ ಬರುತ್ತೆ?"

ಅಲ್ಲೇ ಜಗಳ. 100 ಗ್ರಾಂ ಹಸಿ ಅಡಿಕೆಯಲ್ಲಿ 60 ಗ್ರಾಂ ನೀರಿದೆ ಅಂತ ಇಟ್ಕೊಳ್ಳಿ. ಒಟ್ಟು ತೂಕದಿಂದ ಭಾಗಿಸಿದ್ರೆ 60 ಪರ್ಸೆಂಟ್, ಅದು ವೆಟ್ ಬೇಸಿಸ್. ನೀರು ಬಿಟ್ಟು ಉಳಿದ 40 ಗ್ರಾಂನಿಂದ ಭಾಗಿಸಿದ್ರೆ 150 ಪರ್ಸೆಂಟ್, ಅದು ಡ್ರೈ ಬೇಸಿಸ್. ಇಬ್ಬರ ಲೆಕ್ಕವೂ ಸರಿ, ಭಾಗಿಸಿದ್ದು ಬೇರೆ ಬೇರೆ ಸಂಖ್ಯೆಯಿಂದ. ಆದ್ರೆ ಬಸ್ಸಿನಲ್ಲಿ ಅದು ಇತ್ಯರ್ಥ ಆಗಲ್ಲ. ವೀಣಾ ಹಾಳೆ ಕಿತ್ತುಕೊಂಡು, ಜೆರಾಕ್ಸ್ ದುಡ್ಡು ಅಂತ 20 ರೂಪಾಯಿ ನೋಟು ಅವನ ಕೈಗೆ ತುರುಕಿ, "ಲೆಕ್ಕ ಚುಕ್ತಾ" ಅಂತ ಇಳಿದುಹೋಗ್ತಾಳೆ.

ಬೀಜ ಎರಡು ಬಿತ್ತು ನೋಡಿ. ಅವಳಿಗೆ: ಇವನು ಇನ್ನೊಬ್ಬರ ಕೆಲಸವನ್ನ ತನ್ನದು ಮಾಡ್ಕೊಳ್ಳೋನು. ಅವನಿಗೆ: ಇವಳು ಕೆಲಸ ಮುಗಿದ ಮೇಲೆ ಲೆಕ್ಕ ಚುಕ್ತಾ ಮಾಡಿ ಹೋಗೋಳು.

ಆಮೇಲೆ ಗೈಡ್ ಇಬ್ಬರನ್ನೂ ಒಂದೇ ಟೀಮಿಗೆ ಹಾಕ್ತಾರೆ. ಬೈಕೊಂಡು, ನಕ್ಕೊಂಡು, 'ನೀವು' ಹೋಗಿ 'ನೀನು' ಬರುತ್ತೆ. ಸ್ಪರ್ಧೆಯೊಂದಕ್ಕೆ ಪ್ರಾಜೆಕ್ಟ್ ಕಳಿಸಬೇಕು, ರಾತ್ರಿ 12ಕ್ಕೆ ಕೊನೆ. ವೀಣಾ ಊರಿಗೆ ಹೋಗಿದ್ದಾಳೆ. ಫಾರ್ಮಿನಲ್ಲಿ ಹೆಸರು ಹಾಕೋಕೆ ಇರೋದು ಒಂದೇ ಜಾಗ. ಪ್ರಸನ್ನ ತನ್ನ ಹೆಸರು ಹಾಕಿ ಕಳಿಸ್ತಾನೆ. ಯಂತ್ರಕ್ಕೆ 'ಬಿಸಿಲು' ಅಂತ ಹೆಸರನ್ನೂ ಇಡ್ತಾನೆ. ನೋಟಿಸ್ ಬೋರ್ಡಿನಲ್ಲಿ ಆಯ್ಕೆಯಾದವರ ಪಟ್ಟಿ ಬರುತ್ತೆ: ಬಿಸಿಲು, ಪ್ರಸನ್ನ. ವೀಣಾ ಹೆಸರಿಲ್ಲ.

ಈಗ ಅವಳು ಫೋನ್ ಮಾಡ್ತಾಳೆ. ಹೌದು, ಮಾಡೇ ಮಾಡ್ತಾಳೆ!

"ಹೆಸರು ನೀನೇ ಹಾಕಿದ್ದಾ?"

"ಹ್ಞೂಂ, ನಾನೇ! ಹನ್ನೊಂದೂವರೆ ತನಕ ತಲೆ ಕೆಡಿಸ್ಕೊಂಡು ಹಾಕ್ದೆ. ಹೆಂಗಿದೆ?"

"ತುಂಬಾ ಚೆನ್ನಾಗಿದೆ."

ಫೋನ್ ಕಟ್. ಅವಳು ಕೇಳಿದ್ದು ಪಟ್ಟಿಯ ಹೆಸರು, ಅವನು ಹೇಳಿದ್ದು ಯಂತ್ರದ ಹೆಸರು. ಮತ್ತೆ ಭಾಗಿಸಿದ್ದು ಬೇರೆ ಬೇರೆ ಸಂಖ್ಯೆಯಿಂದ. ಅವಳು ಗೈಡ್ ಹತ್ರ ಹೋಗಿ ಬೇರೆ ಟೀಮ್ ಕೇಳ್ತಾಳೆ, ಕಾರಣ ಹೇಳಲ್ಲ. ಅವನಿಗೆ ಸುದ್ದಿ ಮುಟ್ಟುತ್ತೆ. ಆಯ್ಕೆ ಆಯ್ತು, ಲೆಕ್ಕ ಚುಕ್ತಾ, ಹೋದಳು ಅಂದ್ಕೊಳ್ತಾನೆ. ಇನ್ನು ಅವನಂತೂ ಫೋನ್ ಮಾಡಲ್ಲ.

ಬಿಡಿಸೋಕೆ ನಮಗೂ ಒಂದು 39 ಡಾಲರ್ 60 ಸೆಂಟ್ ಬೇಕಿತ್ತು. ಇಂಥ ಪುರಾವೆಗೆ ಒಂದು ಷರತ್ತಿದೆ: ಜಗಳ ಆದ ಮೇಲೆ ತಯಾರಾಗಿದ್ರೆ ಅದು ಸಬೂಬು ಅನ್ನಿಸುತ್ತೆ. ಹಾಗಾಗಿ ಜಗಳಕ್ಕೂ ಮುಂಚಿನ ವಸ್ತುವೇ ಆಗಬೇಕಿತ್ತು. ಕೊನೇ ಸೀನಿನಲ್ಲಿ ವೀಣಾ ಜೆರಾಕ್ಸ್ ಅಂಗಡಿಗೆ ಬರ್ತಾಳೆ. ಅಂಕಲ್ ಒಳಗಿಂದ ಒಂದು ಸ್ಪೈರಲ್ ಬೈಂಡಿಂಗ್ ತಂದು ಕೊಡ್ತಾರೆ. "ತಗಳಮ್ಮಾ, ಫಾರ್ಮ್ ಕಳಿಸಿದ ದಿನಾನೇ ಆ ಹುಡುಗ ಬೈಂಡ್ ಮಾಡೋಕೆ ಕೊಟ್ಟೋಗಿದ್ದ, ದುಡ್ಡೂ ಕೊಟ್ಟಿದ್ದಾನೆ, ತಗೊಂಡು ಹೋಗೋಕೆ ಬರಲೇ ಇಲ್ಲ." ಮೊದಲನೇ ಪುಟದಲ್ಲಿ ಅವಳ ಹೆಸರು ಮೇಲೆ, ಅವನದು ಕೆಳಗೆ. 43ನೇ ಪುಟದಲ್ಲಿ ಕೆಂಪು ಪೆನ್ನಲ್ಲಿ ಅವನ ಹಳೇ ತಿದ್ದುಪಡಿಯನ್ನ ಅವನೇ ಹೊಡೆದುಹಾಕಿದ್ದಾನೆ. ಪಕ್ಕದಲ್ಲಿ: "ಡ್ರೈ ಬೇಸಿಸ್. ನೀನೇ ಸರಿ."

ಫಸ್ಟ್ ಇಯರ್ ಹುಡುಗಿ ಈ ಸಲ ಫೋನ್ ವಿಷಯ ಎತ್ತಲಿಲ್ಲ. ಆದ್ರೆ ಬೇರೆ ಕೇಳಿದಳು: "ಒಂದು ಹೆಸರು ಬಿಟ್ಟುಹೋಗಿದ್ದಕ್ಕೆ ಯಾರಾದ್ರೂ ಇಷ್ಟು ದಿನ ಮಾತು ಬಿಡ್ತಾರಾ ಅಣ್ಣಾ?"

ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡ್ವಿ. ಬಿಡ್ತಾರೆ. ಈ ಐಡಿಯಾ ನಮಗೆ ಬಂದಿದ್ದೇ ಅಲ್ಲಿಂದ.

ಹಿಂದಿನ ವರ್ಷದ ಸ್ಕಿಟ್‌ನ ಪೋಸ್ಟರಿನಲ್ಲಿ 'ರಚನೆ' ಅಂತ ನಾಲ್ಕು ಹೆಸರು ಇರಬೇಕಿತ್ತು. ಪ್ರಿಂಟ್ ಹಾಕಿಸುವಾಗ ಕೆಳಗಿನ ಸಾಲು ಪುಟದಿಂದ ಆಚೆ ಹೋಗಿ ಕತ್ತರಿಸಿಹೋಯ್ತು. ನಾವು ನೋಡಿರಲಿಲ್ಲ. ನಾಲ್ಕನೆಯವನು ನೋಡಿದ. ಏನೂ ಕೇಳಲಿಲ್ಲ. ಮೀಟಿಂಗಿಗೆ ಬರೋದು ನಿಲ್ಲಿಸಿದ. ನಾವು ಅಂದುಕೊಂಡಿದ್ದು, "ಅವನಿಗೆ ಪ್ಲೇಸ್‌ಮೆಂಟ್ ಚಿಂತೆ, ಕ್ಲಬ್ ಎಲ್ಲಾ ಟೈಮ್‌ಪಾಸ್ ಅವನಿಗೆ." ಅವನು ಸೇರಿದ ದಿನದಿಂದಲೂ ನಮಗೆ ಆ ಅಭಿಪ್ರಾಯ ಇತ್ತು. ಅವನಿಗೂ ನಮ್ಮ ಬಗ್ಗೆ ಒಂದಿತ್ತು ಅಂತ ಆಮೇಲೆ ಗೊತ್ತಾಯ್ತು: ಇವರು ಮೂವರೂ ಒಂದೇ ರೂಮಿನವರು, ನಾನು ಯಾವತ್ತಿದ್ರೂ ಹೊರಗಿನವನು.

ಪೋಸ್ಟರಿನ ಸಾಲಿನ ವಿಷಯ ನಮಗೆ ತಿಳಿದದ್ದು ಈ ವರ್ಷ, ಹಳೇ ಪೋಸ್ಟರ್ ತೆಗೆದು ಅಳತೆ ನೋಡುವಾಗ. ಹೋಗಿ ಹೇಳೋಣ ಅಂದ್ರೆ ಅದೇ ನಾಚಿಕೆ. ಇಷ್ಟು ತಿಂಗಳಾದ ಮೇಲೆ ಏನಂತ ಶುರು ಮಾಡೋದು? ಕೊನೆಗೆ ಸ್ಕಿಟ್‌ನ ಪ್ರಿಂಟ್ ತಗೊಂಡು, ಜೊತೆಗೆ ಆ ಪೋಸ್ಟರಿನ ಮೂಲ ಫೈಲ್ ಲ್ಯಾಪ್‌ಟಾಪ್‌ನಲ್ಲಿ ತೆರೆದು ಇಟ್ಕೊಂಡು ಅವನ ರೂಮಿಗೆ ಹೋದ್ವಿ. ಫೈಲಿನಲ್ಲಿ ನಾಲ್ಕೂ ಹೆಸರು ಇತ್ತು. ಫೈಲಿನ ದಿನಾಂಕವೂ ಇತ್ತು.

ಅವನು ತುಂಬಾ ಹೊತ್ತು ಸ್ಕ್ರೀನ್ ನೋಡಿದ. "ಒಂದು ಹೆಸರಿಗೋಸ್ಕರ ಕೇಳೋದು ಸಣ್ಣತನ ಅನ್ನಿಸ್ತು ಕಣ್ರೋ" ಅಂದ. ಆಮೇಲೆ ಸ್ಕ್ರಿಪ್ಟ್ ಓದಿ, ಫೋನ್ ಸೀನಿನಲ್ಲಿ ಒಂದು ಮಾತು ಬದಲಾಯಿಸಿದ. ನಾವು ವೀಣಾ ಬಾಯಲ್ಲಿ ಮೊದಲು "ಥ್ಯಾಂಕ್ಸ್" ಅಂತ ವ್ಯಂಗ್ಯವಾಗಿ ಹೇಳಿಸಿದ್ವಿ. "ನೊಂದವರು ವ್ಯಂಗ್ಯ ಮಾಡಲ್ಲ, ಚೆನ್ನಾಗಿದೆ ಅಂತಾರೆ" ಅಂದ. ನೀವು ಮೇಲೆ ಓದಿದ "ತುಂಬಾ ಚೆನ್ನಾಗಿದೆ" ಅನ್ನೋದು ಅವನು ಬರೆದದ್ದು.

ಈ ವರ್ಷದ ಪೋಸ್ಟರಿನಲ್ಲಿ ಕೆಳಗೆ ಎರಡು ಬೆರಳಿನಷ್ಟು ಜಾಗ ಖಾಲಿ ಬಿಟ್ಟು ಪ್ರಿಂಟ್ ಹಾಕಿಸಿದ್ವಿ. ನಾಲ್ಕು ಹೆಸರೂ ಬಂದಿದೆ.